ದಿನವಿಡೀ ನಿಂತು ದುಡಿಯುವವರು ಮೂಲವ್ಯಾಧಿ ಬಾರದಂತೆ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಸರ್ಕಲ್ಲಿನಲ್ಲಿ ಪಾಯಿಂಟ್ ಡ್ಯೂಟಿ ಮಾಡುವ ಸಂಚಾರಿ ಪೊಲೀಸರು, ಸಿರ್ಸಿ ಪೇಟೆಯ ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ನಿಂತೇ ಇರುವವರು, ಕುಮಟಾ, ಅಂಕೋಲಾದ ಮೀನು ಪೇಟೆಯವರು, ಹೋಟೆಲಿನ ಭಟ್ಟರು, ಸಪ್ಲಾಯರುಗಳು ಇವರೆಲ್ಲ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನಿಂತೇ ಇರುವುದರಿಂದ ಮೂಲವ್ಯಾಧಿ ಬರುತ್ತದೆಯೇ?

ನಿಲ್ಲುವುದೊಂದರಿಂದಲೇ ಬರುತ್ತದೆ ಎನ್ನಲಾಗದು. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ಅಂಗಾಂಶ ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತದೆ. ಗಾಳಿ, ಮಲ ಸೋರದಂತೆ ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳುವುದಕ್ಕೆ ಅದು ಬೇಕು. ಅದನ್ನು ಹಿಡಿದಿಟ್ಟ ಎಳೆಗಳು ಸಡಿಲವಾಗಿ, ಅಂಗಾಂಶ ಉಬ್ಬಿ ಕೆಳಗೆ ಜಾರಿದಾಗ ಅದನ್ನೇ ಮೂಲವ್ಯಾಧಿ, ಮೊಳೆರೋಗ, ಪೈಲ್ಸ್ ಎನ್ನುತ್ತೇವೆ. ಆ ಭಾಗದಿಂದ ಮೇಲಕ್ಕೆ ಹೋಗುವ ಮುಖ್ಯ ರಕ್ತನಾಳಗಳಲ್ಲಿ, ಕಾಲಿನ ನಾಳಗಳಲ್ಲಿರುವಂಥ ಕವಾಟಗಳಿಲ್ಲ. ಹಾಗಾಗಿ ನಿಂತಾಗ ರಕ್ತದ ಭಾರ ಅಲ್ಲಿಗೆ ಸ್ವಲ್ಪ ಹೆಚ್ಚು ಬೀಳುವುದು ನಿಜ. ಆದರೆ ಆ ಎಳೆಗಳನ್ನು ಸಡಿಲಗೊಳಿಸುವ ದೊಡ್ಡ ಕಾರಣ ಬೇರೆ. ಗಟ್ಟಿ ಮಲ, ಅದನ್ನು ಹೊರಹಾಕಲು ಉಸಿರು ಬಿಗಿಹಿಡಿದು ತಿಣುಕುವುದು, ಸಂಡಾಸಿನಲ್ಲಿ ಬಹಳ ಹೊತ್ತು ಕೂರುವುದು ಈ ಮೂರೇ ಮುಖ್ಯ.

ಹಾಗಾದರೆ ನಿಂತು ದುಡಿಯುವವರು ಯಾಕೆ ಹೆಚ್ಚು ಎಚ್ಚರವಾಗಿರಬೇಕು?

ಅವರ ಕೆಲಸದ ರೀತಿಯೇ ಮಲವನ್ನು ಗಟ್ಟಿ ಮಾಡುತ್ತದೆ. ಪಾಯಿಂಟ್ ಬಿಟ್ಟು ಹೋಗುವ ಹಾಗಿಲ್ಲ, ಹತ್ತಿರ ಶೌಚಾಲಯ ಇಲ್ಲ, ಅಂಗಡಿಯಲ್ಲಿ ಗಲ್ಲೆ ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಹಾಗಾಗಿ ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಾಗಿ ಹೋಗುವ ನೀರು ಬೇರೆ. ದೇಹಕ್ಕೆ ನೀರು ಸಾಲದೆ ಬಂದಾಗ ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಮಲ ಒಣಗಿ ಗಟ್ಟಿಯಾಗುತ್ತದೆ.

ಎರಡನೆಯದು, ಬಂದ ಒತ್ತಡವನ್ನು ತಡೆದುಕೊಳ್ಳುವುದು. ಸಂಡಾಸಿಗೆ ಹೋಗಬೇಕು ಅನ್ನಿಸಿದಾಗ ಬಿಗಿಹಿಡಿದು ನಿಂತರೆ ಕೆಲವು ನಿಮಿಷಗಳಲ್ಲಿ ಆ ಅನಿಸಿಕೆ ಹೋಗಿಬಿಡುತ್ತದೆ. ಮಲ ಮಾತ್ರ ಅಲ್ಲೇ ಉಳಿದು ಇನ್ನಷ್ಟು ಒಣಗುತ್ತದೆ. ಇದೇ ರೂಢಿಯಾದರೆ ಕರುಳು ಕೊಡುವ ಸೂಚನೆಯೂ ಮಂದವಾಗುತ್ತದೆ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊತ್ತಾಯಿತೆಂಬ ಅವಸರದಲ್ಲಿ ಅದನ್ನು ತಿಣುಕಿ ಹೊರಹಾಕಬೇಕಾಗುತ್ತದೆ, ಪೆಟ್ಟು ಬೀಳುವುದು ಆಗಲೇ. ಆದ್ದರಿಂದ ಕಾಲಿಗೆ ವಿಶ್ರಾಂತಿ ಕೊಡುವುದಕ್ಕಿಂತ ಮೊದಲು ನೀರನ್ನೂ ಬೆಳಗಿನ ಹೊತ್ತನ್ನೂ ಸರಿಮಾಡಿಕೊಳ್ಳಬೇಕು.

ಶೌಚಾಲಯವೇ ಇಲ್ಲದ ಕಡೆ ಡ್ಯೂಟಿ. ನೀರು ಕುಡಿಯುವುದು ಹೇಗೆ?

ಒಟ್ಟು ಪ್ರಮಾಣವನ್ನು ಕಡಿಮೆ ಮಾಡಬೇಡಿ, ಕುಡಿಯುವ ಹೊತ್ತನ್ನು ಬದಲಿಸಿ. ಬಿಸಿಲಲ್ಲಿ ನಿಲ್ಲುವವರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕಾಗುತ್ತದೆ. ಮಜ್ಜಿಗೆ, ಗಂಜಿ ತಿಳಿ, ಸಾರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಎದ್ದ ಕೂಡಲೇ ಎರಡು ಲೋಟ, ಅಂದರೆ ಸುಮಾರು ಅರ್ಧ ಲೀಟರ್ ಕುಡಿಯಿರಿ. ಡ್ಯೂಟಿ ಶುರುವಾಗುವುದಕ್ಕೆ ಕನಿಷ್ಠ ಒಂದೂವರೆ ತಾಸು ಮೊದಲು ಇದು ಮುಗಿದಿದ್ದರೆ, ಹೆಚ್ಚಾದ ನೀರು ಮನೆಯಲ್ಲೇ ಮೂತ್ರವಾಗಿ ಹೋಗುತ್ತದೆ. ಹೊರಡುವಾಗ ಮೂತ್ರ ಮಾಡಿಯೇ ಹೊರಡಿ. ನಿಂತ ಮೇಲೆ ಒಂದೇ ಸಲ ಬಾಟಲಿ ಖಾಲಿ ಮಾಡದೆ, ಅರ್ಧ ತಾಸಿಗೊಮ್ಮೆ ಐದಾರು ಗುಟುಕು ಕುಡಿಯಿರಿ. ಬಿಸಿಲಲ್ಲಿ ಅದರಲ್ಲಿ ಹೆಚ್ಚಿನ ಪಾಲು ಬೆವರಿಗೇ ಹೋಗುವುದರಿಂದ ಪದೇ ಪದೇ ಮೂತ್ರಕ್ಕೆ ಓಡುವ ಪ್ರಮೇಯ ಕಡಿಮೆ. ಒಂದೇ ಸಲ ಅರ್ಧ ಲೀಟರ್ ಕುಡಿದರೆ ಮಾತ್ರ ತಾಸಿನೊಳಗೆ ಮೂತ್ರ ಬರುತ್ತದೆ. ಆಮೇಲೆ ‘ನೀರು ಕುಡಿದರೆ ತೊಂದರೆ’ ಅನ್ನಿಸಿ ಪೂರಾ ಬಿಟ್ಟುಬಿಡುವುದೂ ಆಗುತ್ತದೆ. ಮಧ್ಯಾಹ್ನ ಊಟದ ಜೊತೆ ದೊಡ್ಡ ಲೋಟ ಮಜ್ಜಿಗೆ, ಡ್ಯೂಟಿ ಮುಗಿದ ಮೇಲೆ ಉಳಿದದ್ದು.

ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಮಧ್ಯಾಹ್ನದ ಹೊತ್ತಿಗೆ ಗಾಢ ಹಳದಿಯಾಗಿ ಉರಿಯೂ ಇದ್ದರೆ ನೀರು ಸಾಲದು. ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲವಲ್ಲ ಎಂದು ಜನ ನೀರು ಬಿಡುತ್ತಾರೆ. ರೇನ್‌ಕೋಟ್ ಹಾಕಿ ನಿಂತವರಿಗೆ ಅದರ ಒಳಗೆ ಬೆವರುವುದು ನಿಲ್ಲುವುದಿಲ್ಲ, ಆಗ ಫ್ಲಾಸ್ಕಿನಲ್ಲಿ ಬಿಸಿನೀರು ಅಥವಾ ಜೀರಿಗೆ ಕಷಾಯ ಒಯ್ಯಿರಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಗೆ ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯನ್ನೇ ಪಾಲಿಸಿ.

ಬೆಳಿಗ್ಗೆ ಏಳು ಗಂಟೆಗೇ ಹೊರಡಬೇಕು. ಆ ಹೊತ್ತಿಗೆ ಹೊಟ್ಟೆ ಖಾಲಿಯಾಗುವುದೇ ಇಲ್ಲ. ಏನು ಮಾಡಲಿ?

ತಡೆಗಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇದೆ. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಹಿಂಡಿಕೊಂಡು ಮಲವನ್ನು ಕೆಳಗೆ ತಳ್ಳುತ್ತದೆ. ನಿದ್ದೆಯಿಂದ ಎದ್ದ ಮೇಲೆ, ಮೊದಲ ತಿಂಡಿಯ ಬೆನ್ನಿಗೆ ಇದು ಚೆನ್ನಾಗಿ ಆಗುತ್ತದೆ. ಬಿಸಿ ಚಹಾ, ಕಾಫಿ ಅದನ್ನು ಇನ್ನಷ್ಟು ಎಬ್ಬಿಸುತ್ತವೆ. ಬರಿ ಹೊಟ್ಟೆಯಲ್ಲಿ ಸಂಡಾಸಿಗೆ ಕೂತು, ಆಗದೆ ಎದ್ದು, ತಿಂಡಿ ತಿಂದ ಕೂಡಲೇ ಬೈಕ್ ಹತ್ತಿ ಹೊರಡುವವರು ಕರುಳು ಸಿದ್ಧವಾಗುವ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ.

ಏಳಕ್ಕೆ ಹೊರಡುವವರು ಐದೂವರೆಗೆ ಎದ್ದು ನೀರು ಕುಡಿಯಿರಿ. ಆರು ಗಂಟೆಯೊಳಗೆ ಬಿಸಿ ಚಹಾದ ಜೊತೆ ಏನಾದರೂ ತಿನ್ನಿ, ಒಂದು ಬಾಳೆಹಣ್ಣು ಅಥವಾ ಎರಡು ದೋಸೆಯಾದರೂ ಸಾಕು. ಅಲ್ಲಿಂದ ಇಪ್ಪತ್ತು, ಮೂವತ್ತು ನಿಮಿಷದೊಳಗೆ ಸಂಡಾಸಿಗೆ ಹೋಗಲು ಹೊತ್ತು ಮೀಸಲಿಡಿ. ಒತ್ತಡ ಬಂದರೂ ಬಾರದಿದ್ದರೂ ದಿನಾ ಅದೇ ಹೊತ್ತಿಗೆ ಹೋಗಿ ಕೂರಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ತಿಣುಕಬೇಡಿ. ರೂಢಿ ಬೀಳಲು ಎರಡು ಮೂರು ವಾರ ಹಿಡಿಯಬಹುದು. ಪಾಳಿ ಬದಲಾಗುವವರು ಗಡಿಯಾರಕ್ಕಿಂತ ‘ಎದ್ದದ್ದು, ನೀರು, ತಿಂಡಿ, ಸಂಡಾಸು’ ಎಂಬ ಸರಣಿಯನ್ನು ಕಾಯ್ದುಕೊಳ್ಳಲಿ. ರಾತ್ರಿ ಪಾಳಿ ಮುಗಿಸಿ ಮಲಗಿ ಮಧ್ಯಾಹ್ನ ಎದ್ದರೂ ಅದೇ ಸರಣಿ.

ಕೂರುವ ರೀತಿಯೂ ಮುಖ್ಯ. ಕುಕ್ಕರಗಾಲಲ್ಲಿ ಕೂರುವ ನಮ್ಮ ಹಳೆಯ ಸಂಡಾಸಿನಲ್ಲಿ ಗುದನಾಳದ ಬಾಗು ನೇರವಾಗುತ್ತದೆ, ಕಡಿಮೆ ಒತ್ತಡದಲ್ಲಿ ಕೆಲಸ ಆಗುತ್ತದೆ. ಕಮೋಡ್ ಇದ್ದರೆ ಪಾದದ ಕೆಳಗೆ ಆರರಿಂದ ಎಂಟು ಇಂಚು ಎತ್ತರದ ಗಟ್ಟಿ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ, ತುಸು ಮುಂದಕ್ಕೆ ಬಾಗಿ ಕೂರಿ. ಬಾಯಿ ತೆರೆದು ನಿಧಾನ ಉಸಿರು ಬಿಡುತ್ತಾ ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಿದರೆ ಸಾಕು. ಉಸಿರು ಕಟ್ಟಿ ಮುಖ ಕೆಂಪಾಗುವಷ್ಟು ತಿಣುಕಿದರೆ ಆ ಒತ್ತಡವೆಲ್ಲ ಆ ಮೆತ್ತನೆಯ ಅಂಗಾಂಶದ ಮೇಲೆ ಬೀಳುತ್ತದೆ. ಮೊಬೈಲು ಹೊರಗೇ ಇರಲಿ. ಕಮೋಡಿನ ತೂತಿನ ಮೇಲೆ ಆಧಾರವಿಲ್ಲದೆ ಇಪ್ಪತ್ತು ನಿಮಿಷ ಕೂತರೆ, ತಿಣುಕದಿದ್ದರೂ ಗುದದ ಭಾಗ ಕೆಳಕ್ಕೆ ಜೋತುಬಿದ್ದು ರಕ್ತ ತುಂಬಿಕೊಳ್ಳುತ್ತದೆ.

ಡ್ಯೂಟಿ ನಡುವೆ ಒತ್ತಡ ಬಂದರೆ?

ಆದಷ್ಟು ತಡೆಯಬೇಡಿ. ಇದಕ್ಕೆ ವ್ಯವಸ್ಥೆ ಮೊದಲೇ ಆಗಿರಬೇಕು. ಪಾಯಿಂಟಿನಲ್ಲಿ ಇಬ್ಬರಿದ್ದರೆ ಒಬ್ಬರಿಗೊಬ್ಬರು ಹತ್ತು ನಿಮಿಷ ಬಿಡುವು ಕೊಡುವುದನ್ನು ಪಾಳಿಯ ಆರಂಭದಲ್ಲೇ ಮಾತಾಡಿಕೊಳ್ಳಿ. ಒಬ್ಬರೇ ಇದ್ದರೆ ಹತ್ತಿರದ ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಹೋಟೆಲಿನಲ್ಲಿ ಎಲ್ಲಿಗೆ ಹೋಗಬಹುದೆಂದು ಮೊದಲ ದಿನವೇ ನೋಡಿಟ್ಟುಕೊಂಡು, ಮೇಲಿನವರಿಗೂ ತಿಳಿಸಿರಿ. ಸಿರ್ಸಿ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಬಂದೋಬಸ್ತಿನಲ್ಲಿ ಇದು ಇನ್ನೂ ಮುಖ್ಯ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ಹೊರ ಊರುಗಳಿಂದ ಬಂದ ಸಿಬ್ಬಂದಿ ಹೊಸ ಜಾಗ, ಹೊಸ ಊಟ, ಸಾಲುಗಟ್ಟಿದ ಶೌಚಾಲಯಗಳ ನಡುವೆ ಮೂರು ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು ಒದ್ದಾಡುತ್ತಾರೆ. ಅಂಥ ಬಂದೋಬಸ್ತಿಗೆ ಹೊರಡುವ ಎರಡು ಮೂರು ದಿನ ಮೊದಲೇ ಇಸಬಗೋಲು ಶುರುಮಾಡುವುದು ಒಳ್ಳೆಯದು.

ಊಟದಲ್ಲಿ ಏನು ಬದಲಿಸಬೇಕು? ನಾವು ಮೀನು, ಅನ್ನ ತಿನ್ನುವವರು.

ಮೀನಿನಿಂದ ಮೂಲವ್ಯಾಧಿ ಬರುವುದಿಲ್ಲ. ಆದರೆ ಮೀನಿನಲ್ಲಿ ನಾರು ಎಂಬುದೇ ಇಲ್ಲ, ಬಿಳಿ ಅನ್ನದಲ್ಲೂ ಬಹಳ ಕಡಿಮೆ. ಮೀನು ಸಾರು, ಅನ್ನ, ಹುರಿದ ಮೀನು ಇಷ್ಟೇ ಊಟವಾದರೆ ಮಲಕ್ಕೆ ಮೈಕಟ್ಟೇ ಸಿಗುವುದಿಲ್ಲ. ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೂ ದಪ್ಪಗೂ ಮಾಡುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಳಿಗ್ಗೆ ಎರಡು ಇಡ್ಲಿ, ಚಹಾ, ಮಧ್ಯಾಹ್ನ ಮೀನು ಸಾರು ಅನ್ನ, ಸಂಜೆ ಬನ್ಸ್, ರಾತ್ರಿ ಮತ್ತೆ ಅನ್ನ, ತಿಳಿಸಾರು. ಇದರಲ್ಲಿ ನಾರು ಹೆಚ್ಚೆಂದರೆ ಹತ್ತು, ಹನ್ನೆರಡು ಗ್ರಾಂ. ಇದೇ ಮನುಷ್ಯ ಮೀನು ಬಿಡದೆ ನಾಲ್ಕು ಬದಲಾವಣೆ ಮಾಡಿಕೊಳ್ಳಲಿ. ಬೆಳಿಗ್ಗೆ ಎರಡು ಮುಷ್ಟಿ, ಅಂದರೆ ಸುಮಾರು 60 ಗ್ರಾಂ ರಾಗಿ ಹಿಟ್ಟಿನ ರೊಟ್ಟಿ ಅಥವಾ ಅಂಬಲಿ: ಆರು ಗ್ರಾಂ ನಾರು. ಮಧ್ಯಾಹ್ನ ಮೀನು ಸಾರಿನ ಜೊತೆ ಒಂದು ಬಟ್ಟಲು ಹರಿವೆ ಅಥವಾ ಬಸಳೆ ಪಲ್ಯ: ನಾಲ್ಕು ಗ್ರಾಂ. ಸಂಜೆ ಬನ್ಸಿನ ಬದಲು ಒಂದು ಮುಷ್ಟಿ ಇಡೀ ಹೆಸರುಕಾಳಿನ ಉಸುಳಿ: ಆರು ಗ್ರಾಂ. ಜೊತೆಗೆ ಒಂದು ಪೇರಲ ಹಣ್ಣು, ಬೀಜ ಸಮೇತ: ಆರೇಳು ಗ್ರಾಂ. ಅನ್ನ, ಇಡ್ಲಿಯಿಂದ ಬರುವ ಐದಾರನ್ನೂ ಸೇರಿಸಿದರೆ 28ರ ಸುತ್ತ ಬಂತು. ಅನ್ನವನ್ನು ಕುಚ್ಚಲಕ್ಕಿಗೆ, ಅದರಲ್ಲೂ ಕೆಂಪು ಪದರ ಉಳಿದ ಅಕ್ಕಿಗೆ ಬದಲಿಸಿದರೆ ಇನ್ನೂ ಒಂದೆರಡು ಗ್ರಾಂ ಸೇರುತ್ತದೆ.

ಇದನ್ನೆಲ್ಲ ಒಂದೇ ದಿನ ಶುರುಮಾಡಬೇಡಿ. ಹೊಟ್ಟೆ ಉಬ್ಬರಿಸಿ, ಗಾಳಿ ತುಂಬಿ, ಸರ್ಕಲ್ಲಿನಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ. ನಾಲ್ಕು ದಿನಕ್ಕೊಂದರಂತೆ ಸೇರಿಸುತ್ತಾ ಎರಡು ವಾರದಲ್ಲಿ ಪೂರ್ತಿಗೆ ತನ್ನಿ. ನೀರು ಹೆಚ್ಚಿಸದೆ ನಾರು ಮಾತ್ರ ಹೆಚ್ಚಿಸಿದರೆ ಮಲ ಇನ್ನೂ ಬಿಗಿಯುತ್ತದೆ. ‘ಸೊಪ್ಪು ತಿಂದರೂ ಪ್ರಯೋಜನ ಇಲ್ಲ’ ಎನ್ನುವವರು ನೀರಿನ ಲೆಕ್ಕವನ್ನೊಮ್ಮೆ ನೋಡಿಕೊಳ್ಳಲಿ.

ಇಸಬಗೋಲು ದಿನಾ ತೆಗೆದುಕೊಳ್ಳಬಹುದೇ? ಚೂರ್ಣ?

ಇಸಬಗೋಲು ಬರೀ ಹೊಟ್ಟು, ನಾರು. ತಿಂಗಳುಗಟ್ಟಲೆ ತೆಗೆದುಕೊಂಡರೂ ಕರುಳು ಅದಕ್ಕೆ ಅಂಟಿಕೊಳ್ಳುವುದಿಲ್ಲ. ಒಂದು ಚಹಾ ಚಮಚದಿಂದ ಶುರುಮಾಡಿ ಎರಡಕ್ಕೆ ಏರಿಸಿ. ದೊಡ್ಡ ಲೋಟ ನೀರಿಗೆ ಹಾಕಿ ಕಲಸಿದ ಕೂಡಲೇ ಕುಡಿಯಿರಿ, ಬಿಟ್ಟರೆ ಲೋಳೆಯಾಗಿ ನುಂಗಲು ಬಾರದು. ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಒಣದಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಫಲ ಕಾಣಲು ಎರಡು ಮೂರು ದಿನ ಬೇಕು, ಒಂದೇ ರಾತ್ರಿಯಲ್ಲಿ ಆಗಲಿಲ್ಲವೆಂದು ಬಿಡಬೇಡಿ.

‘ಹೊಟ್ಟೆ ಸಾಫ್’ ಮಾಡುವ ಎಷ್ಟೋ ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ. ಅದು ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತದೆ, ಎಂದಾದರೊಮ್ಮೆ ಸರಿ. ವೈದ್ಯರನ್ನು ಕೇಳದೆ ದಿನಾ ತೆಗೆದುಕೊಳ್ಳಬೇಡಿ. ಭೇದಿಯಾಗಿ ಪದೇ ಪದೇ ಹೋಗುವುದೂ ಆ ಭಾಗಕ್ಕೆ ಗಟ್ಟಿ ಮಲದಷ್ಟೇ ಕೆಟ್ಟದ್ದು. ರಕ್ತಹೀನತೆಗೆ ತೆಗೆದುಕೊಳ್ಳುವ ಕಬ್ಬಿಣದ ಮಾತ್ರೆ, ಕೆಲವು ಕೆಮ್ಮಿನ ಸಿರಪ್ಪು, ನೋವಿನ ಮಾತ್ರೆಗಳು ಹೊಟ್ಟೆ ಕಟ್ಟಿಸುತ್ತವೆ. ತೊಂದರೆ ಶುರುವಾದದ್ದು ಮಾತ್ರೆಯ ಜೊತೆಗೇ ಆಗಿದ್ದರೆ ವೈದ್ಯರಿಗೆ ಹೇಳಿ.

ಉಷ್ಣದಿಂದ, ಖಾರದಿಂದ ಬರುತ್ತದೆ ಎನ್ನುತ್ತಾರಲ್ಲ? ಸುವರ್ಣಗಡ್ಡೆ ಒಳ್ಳೆಯದೇ?

‘ಉಷ್ಣ ಆಯಿತು’ ಎಂದು ಹೇಳುವ ದಿನ ಗಮನಿಸಿ: ಬಿಸಿಲು ಜಾಸ್ತಿ, ನೀರು ಕಡಿಮೆ, ಮೂತ್ರ ಉರಿ, ಮಲ ಗಟ್ಟಿ. ಆಗ ಹಿರಿಯರು ಕೊಡುವ ತಂಬುಳಿ, ಮಜ್ಜಿಗೆ, ಮುರುಗಲು ಪಾನಕ ಕೆಲಸ ಮಾಡುವುದು ಹೊಟ್ಟೆಗೆ ನೀರು ಸೇರುವುದರಿಂದಲೇ. ಒಂದೆಲಗದ ತಂಬುಳಿ ಎರಡು ಬಟ್ಟಲು ಸುರಿದುಕೊಂಡು ಊಟ ಮಾಡುವುದು ಸಿರ್ಸಿ ಕಡೆಯವರ ಒಳ್ಳೆಯ ರೂಢಿ, ಬಿಡಬೇಡಿ. ಪಾನಕದ ಸಕ್ಕರೆಯ ಬಗ್ಗೆ ಮಧುಮೇಹದವರು ಎಚ್ಚರವಾಗಿರಲಿ.

ಖಾರ ಮೂಲವ್ಯಾಧಿಯನ್ನು ಹುಟ್ಟಿಸುವುದಿಲ್ಲ, ಗಾಯ ಇದ್ದವರಿಗೆ ಹೋಗುವಾಗ ಉರಿಸುತ್ತದೆ. ಸುವರ್ಣಗಡ್ಡೆ ನಾರಿರುವ ಒಳ್ಳೆಯ ತರಕಾರಿ, ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಿ ತಿನ್ನಿ, ಇಲ್ಲವಾದರೆ ಗಂಟಲು ತುರಿಸುತ್ತದೆ. ಗಡ್ಡೆ ತಿಂದು ನೀರು ಬಿಟ್ಟರೆ ಉಪಯೋಗವಿಲ್ಲ.

ನಿಲ್ಲುವ ರೀತಿಯಲ್ಲಿ ಏನಾದರೂ ಬದಲಾವಣೆ?

ಕದಲದೆ ನಿಲ್ಲಬೇಡಿ. ಮೀನಖಂಡ ಬಿಗಿದು ಸಡಿಲವಾದಾಗಲೆಲ್ಲ ಕಾಲಿನ ರಕ್ತ ಮೇಲೇರುತ್ತದೆ. ಅರ್ಧ ತಾಸಿಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಹದಿನೈದು ಇಪ್ಪತ್ತು ಸಲ ಮಾಡಿ, ತಾಸಿಗೊಮ್ಮೆ ಎರಡು ನಿಮಿಷ ಅಡ್ಡಾಡಿ. ಕೌಂಟರಿನ ಹಿಂದೆ ನಿಲ್ಲುವವರು ನಾಲ್ಕಾರು ಇಂಚಿನ ಮಣೆಯ ಮೇಲೆ ಕಾಲುಗಳನ್ನು ಬದಲಿಸಿ ಬದಲಿಸಿ ಇಡಬಹುದು. ಇದರ ಮುಖ್ಯ ಲಾಭ ಕಾಲು, ಸೊಂಟಕ್ಕೆ. ಅಡ್ಡಾಟದಿಂದ ಕರುಳೂ ಚುರುಕಾಗುತ್ತದೆ. ಕಾಲಿಗೆ ಹಾಕುವ ಬಿಗಿ ಸಾಕ್ಸಿನಿಂದ ಉಬ್ಬಿದ ನರಗಳಿಗೆ ಅನುಕೂಲ, ಮೂಲವ್ಯಾಧಿಗಲ್ಲ.

ಅಂಗಡಿ ಮಾಲೀಕರು ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲ್ ಕೊಡಲೇಬೇಕು. ಕೇರಳದಲ್ಲಿ 2018ರಿಂದ, ತಮಿಳುನಾಡಿನಲ್ಲಿ 2021ರಿಂದ ಅಂಗಡಿ ಕೆಲಸಗಾರರಿಗೆ ಕೂರುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಸ್ಟೂಲಿನ ಜೊತೆ ಶೌಚಾಲಯಕ್ಕೆ ಬಿಡುವನ್ನೂ ಕೊಟ್ಟರೆ ಇನ್ನೂ ದೊಡ್ಡ ಉಪಕಾರ.

ಮೂಟೆ ಎತ್ತುವಾಗ ಉಸಿರು ಕಟ್ಟಬೇಡಿ. ಮೊಣಕಾಲು ಮಡಚಿ, ಮೂಟೆಯನ್ನು ಮೈಗೆ ಒತ್ತಿ ಹಿಡಿದು, ಏಳುವಾಗ ಬಾಯಿಂದ ಉಸಿರು ಬಿಡಿ. ಅಕ್ಕಿಯ 50 ಕೆಜಿ ಚೀಲಕ್ಕೆ ಇಬ್ಬರು ಕೈ ಹಾಕಿ.

ಹೆಂಗಸರಿಗೆ ಬೇರೆ ಏನಾದರೂ ಎಚ್ಚರ ಬೇಕೇ?

ಸ್ವಚ್ಛ ಶೌಚಾಲಯ ಸಿಗದೆ ಇಡೀ ದಿನ ನೀರು ಬಿಡುವವರಲ್ಲಿ ಹೆಂಗಸರೇ ಹೆಚ್ಚು. ಅದರಿಂದ ಮೂತ್ರದ ಸೋಂಕೂ ಸೇರಿಕೊಳ್ಳುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಗರ್ಭದ ಭಾರ, ಕಬ್ಬಿಣದ ಮಾತ್ರೆ ಎರಡೂ ಸೇರಿ ಮೂಲವ್ಯಾಧಿ ಕಾಣಿಸಿಕೊಳ್ಳುವುದು ಸಾಮಾನ್ಯ. ಕಬ್ಬಿಣದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಮಲ ಮೆತ್ತಗಾಗುವ ಔಷಧಿಯನ್ನು ವೈದ್ಯರಲ್ಲಿ ಕೇಳಿ. ಮಧ್ಯಾಹ್ನ ಎಡ ಮಗ್ಗುಲಾಗಿ ಸ್ವಲ್ಪ ಹೊತ್ತು ಮಲಗಿದರೆ ಆ ಭಾಗದ ಒತ್ತಡ ಇಳಿಯುತ್ತದೆ.

ರಕ್ತ ಹೋದರೆ ಅದು ಮೂಲವ್ಯಾಧಿಯೇ?

ನೋವಿಲ್ಲದೆ, ಮಲ ಹೋದ ಮೇಲೆ ಕೆಂಪು ರಕ್ತ ಹನಿಯುವುದು ಅಥವಾ ಚಿಮ್ಮುವುದು ಒಳ ಮೂಲವ್ಯಾಧಿಯ ಲಕ್ಷಣ. ಹೋಗುವಾಗ ಬ್ಲೇಡಿನಲ್ಲಿ ಕೊಯ್ದಂತೆ ನೋವಾಗಿ, ತಾಸುಗಟ್ಟಲೆ ಉರಿದರೆ ಅದು ಹೆಚ್ಚಾಗಿ ಬಿರುಕು, ಫಿಶರ್. ಆದರೆ ಮನೆಯಲ್ಲೇ ಊಹಿಸಿ ಕೂರಬೇಡಿ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಹೋಗುತ್ತದೆ, ‘ನಿಂತು ನಿಂತು ಪೈಲ್ಸ್ ಆಗಿದೆ’ ಎಂದು ವರ್ಷಗಟ್ಟಲೆ ಮುಲಾಮು ಹಚ್ಚುತ್ತಾ ಹೊತ್ತು ಕಳೆದುಕೊಂಡರೆ ಅದು ಬೆಳೆಯುತ್ತದೆ. ಮೊದಲ ಸಲ ರಕ್ತ ಕಂಡಾಗಲೇ ಒಮ್ಮೆ ತೋರಿಸಿ. ರಕ್ತ ಮಲದೊಳಗೆ ಬೆರೆತಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾರಗಟ್ಟಲೆ ಮಲದ ರೂಢಿ ಬದಲಾಗಿದ್ದರೆ, ತೂಕ ಇಳಿಯುತ್ತಿದ್ದರೆ, ವಯಸ್ಸು 45 ದಾಟಿದ್ದರೆ ತಡಮಾಡಲೇಬೇಡಿ. ಸಣ್ಣ ಕೊಳವೆ ಹಾಕಿ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು, ಸಾಮಾನ್ಯ ಶಸ್ತ್ರವೈದ್ಯರು ಇರುವ ಕಡೆ ಆಗುತ್ತದೆ. ಜಿಲ್ಲೆಯಲ್ಲಿ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ‘ಒಂದೇ ಇಂಜೆಕ್ಷನ್, ಗ್ಯಾರಂಟಿ’ ಎಂಬ ಬೋರ್ಡು ಹಾಕಿಕೊಂಡ ಡಿಗ್ರಿ ಇಲ್ಲದವರ ಹತ್ತಿರ ಹೋಗಬೇಡಿ. ಅಲ್ಲಿ ಚುಚ್ಚುವ ಸುಡುವ ಔಷಧಿಯಿಂದ ಗುದದ್ವಾರ ಕೊಳೆತು, ಗಾಯ ಒಣಗುವಾಗ ಕಿರಿದಾಗಿಬಿಡುವುದುಂಟು.

ಈಗಾಗಲೇ ಸ್ವಲ್ಪ ಇದೆ. ಡ್ಯೂಟಿ ಮಾಡಬಹುದೇ? ಗಂಟು ಕಾಣಿಸಿಕೊಂಡರೆ?

ಶುರುವಿನ ಹಂತದಲ್ಲಿ ಮಾಡಬಹುದು. ಮೇಲೆ ಹೇಳಿದ ಊಟ, ನೀರು, ಸಂಡಾಸಿನ ಕ್ರಮದಿಂದಲೇ ಬಹಳ ಮಂದಿಗೆ ರಕ್ತ ನಿಲ್ಲುತ್ತದೆ. ಡ್ಯೂಟಿ ಮುಗಿಸಿ ಬಂದು ಅಗಲ ಟಬ್ಬಿನಲ್ಲಿ, ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿಗೆ ಹತ್ತು ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಸಲ. ಬರೀ ನೀರು ಸಾಕು. ಡೆಟಾಲ್ ಹಾಕಿದರೆ ಚರ್ಮ ಉರಿಯುತ್ತದೆ. ಆಮೇಲೆ ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬೆವರಿನಲ್ಲಿ ತೊಯ್ದ ಒಳಉಡುಪಿನಲ್ಲೇ ದಿನ ಕಳೆದರೆ ತುರಿಕೆ ಹೆಚ್ಚುತ್ತದೆ, ಹತ್ತಿಯದನ್ನು ಹಾಕಿ, ಒಂದು ಜೊತೆ ಹೆಚ್ಚಿಗೆ ಒಯ್ಯಿರಿ.

ಮಲದ ಜೊತೆ ಹೊರಬಂದ ಮೊಳೆಯನ್ನು ಬೆರಳಿನಿಂದ ಒಳಗೆ ತಳ್ಳಬೇಕಾಗುತ್ತಿದ್ದರೆ ಮುಲಾಮಿನಿಂದ ಅದು ಹೋಗುವುದಿಲ್ಲ. ಅಂಥವಕ್ಕೆ ಬುಡದಲ್ಲಿ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆ ಇದೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಗುದದ್ವಾರದ ಅಂಚಿನಲ್ಲಿ ನೀಲಿಗಟ್ಟಿದ, ಗಟ್ಟಿಯಾದ, ಮುಟ್ಟಲಾಗದಷ್ಟು ನೋಯುವ ಗಂಟು ಒಮ್ಮೆಲೇ ಎದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಮೂರು ದಿನದೊಳಗೆ ಶಸ್ತ್ರವೈದ್ಯರ ಹತ್ತಿರ ಹೋದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಬಿಡಬಹುದು, ನೋವು ಬೇಗ ಇಳಿಯುತ್ತದೆ. ಅದಕ್ಕಿಂತ ತಡವಾದರೆ ಸಾಮಾನ್ಯವಾಗಿ ಬೆಚ್ಚಗಿನ ನೀರು, ನೋವಿನ ಮಾತ್ರೆಯಲ್ಲೇ ಇಳಿಯಲು ಬಿಡುತ್ತಾರೆ, ಅದಕ್ಕೆ ಎರಡು ಮೂರು ವಾರ ಬೇಕಾಗಬಹುದು. ಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ನಿಲ್ಲದೆ ತಲೆ ಸುತ್ತಿದರೆ ಪಾಳಿ ಮುಗಿಯುವವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.